ಗಣಿತದ ಮನಿಗೆ ಬಂದ ಮೂವತ್ತೊಂದು

ನಿಜಾಮರ ಕಾಲದ ಮಾತು. ಆಗ ನಾನು ಕಮಲಾಪುರದ ಸಾಲಿಗೆ ಹೊಸದಾಗಿ ಬಂದ ಮಾಸ್ತರ. ಪರೀಕ್ಷೆಯ ಅಂಕಗಳು ಕಲಬುರ್ಗಿ ಕಚೇರಿಯಿಂದ ಇಂಗ್ಲಿಷ್ ಮಷೀನಿನೊಳಗ ಟೈಪಾಗಿ ಬರುತ್ತಿದ್ದವು. ಗೆರೆ ಇಲ್ಲ, ಕೋಷ್ಟಕದ ಮನಿ ಇಲ್ಲ. ಹೆಸರು, ಅದರ ಮುಂದೆ ಗಣಿತ, ಉರ್ದು, ಕನ್ನಡ, ಭೂಗೋಳ, ಕೈಬರಹದ ಅಕ್ಷರ ಅಂತ ಐದು ಅಂಕಿ, ನಡುವ ಕಾಮಾ, ಅಷ್ಟೇ. ಅದನ್ನ ಕಾರ್ಡಿನ ಕೋಷ್ಟಕಕ್ಕ ಇಳಿಸಿ, ಒಟ್ಟು, ಶೇಕಡಾ, ಷರಾ ಬರೆಯೋದು ನನ್ನ ಕೆಲಸ.

ನಾನು ಶಾಣ್ಯಾತನ ಮಾಡಿದೆ. ಮೊದಲು ಗೆರೆ ಹೊಡೆದು, ಟೈಪಿನ ಸಾಲು ನೋಡಿಕೋತ ನಲವತ್ತು ಕಾರ್ಡಿಗೂ ಎಡದಿಂದ ಅಂಕಿ ತುಂಬಿದೆ. ಆಮೇಲೆ ಮೇಲಿನ ತಲೆಬರಹಗಳನ್ನ, ಸರ್ಕಾರದ ಪದ್ಧತಿಯಂತೆ, ಉರ್ದುವಿನೊಳಗ ಬಲದಿಂದ ಎಡಕ್ಕ ಬರೆದೆ, ಅವನ್ನ ನೋಡಿಕೋತ ಷರಾ ತುಂಬಿದೆ. ಹೆಡ್ ಮಾಸ್ತರರು ಕೂಡಿಸಿ ನೋಡಿದರು. ಒಟ್ಟು ಸರಿ, ಶೇಕಡಾ ಸರಿ. ಸಹಿ ಹಾಕಿಬಿಟ್ಟರು, ಕಾರ್ಡು ಮಕ್ಕಳ ಕೈಸೇರಿದವು.

ಮರುದಿನ ಮುಂಜಾನೆ ಬಾಳಿ ತೋಟದ ಗೌಡರು ಕಾರ್ಡು ಹಿಡಕೊಂಡು ಬಂದರು. ಅವರ ಮಗಳು ಗಣಿತದಾಗ ಭಾಳ ಚುರುಕು. ಕಲಬುರ್ಗಿಯ ದೊಡ್ಡ ಸಾಲಿಗೆ ಹೋಗಬೇಕು ಅಂತ ವರ್ಷಪೂರ್ತಿ ಹಟ ಹಿಡಿದಿದ್ದಳು. ಆವತ್ತು ಬಾಗಿಲ ಹಿಂದೆ ನಿಂತು ಅಳಾಕತ್ತಿದ್ದಳು.

"ಮಾಸ್ತರ, ಏನ್ರಿ ಇದು? ಗಣಿತದಾಗ ಮೂವತ್ತೊಂದಂತ. ಮೂವತ್ಮೂರು ಆಗಿಲ್ಲ, ಅದೇ ಇಯತ್ತೆಯೊಳಗ ಕೂಡಬೇಕು ಅಂತ ಬರದೀರಿ. ಗಾಡಿ ಹೂಡಿ ಇಟ್ಟೀನಿ, ಇವತ್ತ ಹೆಸರು ಹಚ್ಚೋ ಕಡೀ ದಿನ!"

ನಾನು ಕಾರ್ಡು ಇಸಕೊಂಡು ನೋಡಿದೆ. ಗೌಡರು ಬಿಡಲಿಲ್ಲ.

"ಅದೂ ಹೋಗ್ಲಿರಿ, ಅಕ್ಷರಕ್ಕ ತೊಂಬತ್ತೆರಡು! 'ಮುತ್ತಿನಂಥ ಬರಹ' ಅಂತ ಷರಾ ಬ್ಯಾರೆ. ಈಕಿ ಬರದ್ರ ಕೋಳಿ ಕೆದರಿದಂಗ ಇರ್ತದ. ನಾ ಕಂಡಿಲ್ಲೇನ್ರಿ?"

ಹೆಡ್ ಮಾಸ್ತರರು ಟೈಪಿನ ಹಾಳಿ ತರಿಸಿದರು. ಹುಡುಗಿಯ ಸಾಲು: 92, 58, 70, 49, 31. ಕಾರ್ಡಿನೊಳಗೂ ಅದೇ ಐದು ಅಂಕಿ. ಅವರು ಒಂದು ಬೆರಳು ಎಡಕ್ಕ, ಒಂದು ಬೆರಳು ಬಲಕ್ಕ ಇಟ್ಟು ನನ್ನ ಮುಖ ನೋಡಿದರು.

"ಅಂಕಿ ಇತ್ತಲಿಂದ ಬಂದಾವ, ತಲೆಬರಹ ಅತ್ತಲಿಂದ ಬಂದದ. ನಡುವಿನ ಕನ್ನಡ ಒಂದ ಉಳದದ ನೋಡಪಾ, ಅದಕ್ಕ ಎತ್ತ ನೋಡಿದ್ರೂ ಎಪ್ಪತ್ತ!"

ಒಟ್ಟು ಮುನ್ನೂರು, ಶೇಕಡಾ ಅರವತ್ತು. ಹ್ಯಾಂಗ ತಿರುಗಿಸಿದರೂ ಅದು ಬದಲಾಗೂದಿಲ್ಲ. ಅದಕ್ಕೇ ಕೂಡಿಸಿದವರ ಕಣ್ಣಿಗೆ ತಪ್ಪು ಬಿದ್ದಿರಲಿಲ್ಲ.

ಮೊದಲು ಆ ಹುಡುಗಿಗೆ ಹೊಸ ಕಾರ್ಡು. ಹೆಡ್ ಮಾಸ್ತರರು ಒಂದೊಂದು ವಿಷಯ ಕೂಗಿದರು, ನಾನು ಆ ಹೆಸರಿನ ಕೆಳಗೇ ಅಂಕಿ ಬರೆದೆ. ಗಣಿತ ತೊಂಬತ್ತೆರಡು. ಅಕ್ಷರ ಮೂವತ್ತೊಂದು; ಅಕ್ಷರದೊಳಗ ಕಡಿಮೆ ಬಿದ್ದರ ಯಾರನ್ನೂ ಹಿಂದಕ್ಕ ಇಡುತ್ತಿರಲಿಲ್ಲ. ಷರಾ: "ಗಣಿತದಲ್ಲಿ ಬಹಳ ಜಾಣೆ. ಮುಂದಿನ ಇಯತ್ತೆಗೆ ಹೋಗಬಹುದು. ಬರಹ ತಿದ್ದಬೇಕು."

ಗೌಡರು ಕಾರ್ಡನ್ನ ಬೆಳಕಿಗೆ ಹಿಡಿದು, ಕೊನೆಯ ಮನಿಯ ಮೂವತ್ತೊಂದು ನೋಡಿ, ಹೊಟ್ಟಿ ಹಿಡಕೊಂಡು ನಕ್ಕರು.

"ಹಾಂ, ಈಗ ನೋಡ್ರಿ, ಇದು ನನ್ನ ಮಗಳ ಕಾರ್ಡು!"

ಅಳು ಒರೆಸಿಕೊಂಡು ಹುಡುಗಿ ಗಾಡಿ ಹತ್ತಿದಳು. ಹೋಗುವಾಗ ಗೌಡರು ಕೆಂಪು ಬಾಳೆಹಣ್ಣಿನ ಗೊನೆಯೊಂದನ್ನ ಮೇಜಿನ ಮೇಲೆ ಇಳಿಸಿದರು. ಉಳಿದ ಮೂವತ್ತೊಂಬತ್ತು ಕಾರ್ಡು ಹೊಸದಾಗಿ ಬರೆದು ಮುಗಿಸೋದ್ರೊಳಗ ನಾವಿಬ್ಬರೂ ಅದನ್ನ ಅರ್ಧ ಖಾಲಿ ಮಾಡಿದ್ದೆವು.