ಇಲ್ಲದ ಎರಡು ಸೆಂಟು

ಸಿಡ್ನಿಯಲ್ಲಿ ಭಾವನ ದೋಸೆ ಹೋಟೆಲಿನ ಲೆಕ್ಕ ನಾನು ನೋಡುತ್ತಿದ್ದೆ. ಭಾನುವಾರ ಬಿಲ್ಲಿಗೆ ಶೇಕಡಾ ಹತ್ತು ಹೆಚ್ಚು ಸೇರಿಸುತ್ತಿದ್ದರಿಂದ ಬಿಡಿ ಸೆಂಟುಗಳು ಬರುತ್ತಿದ್ದವು. ಆದರೆ ಇಲ್ಲಿ ಐದು ಸೆಂಟಿಗಿಂತ ಚಿಕ್ಕ ನಾಣ್ಯವೇ ಇಲ್ಲ. ನಗದಾದರೆ ಹತ್ತಿರದ ಐದಕ್ಕೆ ತಂದು ತೆಗೆದುಕೊಳ್ಳಬೇಕು. ಹಾಗಾಗಿ ಮೆಷಿನ್ನಿನ ಮೊತ್ತಕ್ಕೂ ಗಲ್ಲಾಪೆಟ್ಟಿಗೆಗೂ ಒಂದೆರಡು ಸೆಂಟು ಹೆಚ್ಚುಕಮ್ಮಿ ಆಗುವುದು ಸಹಜ.

ಒಂದು ಭಾನುವಾರ ಹೊಸ ಕ್ಯಾಷಿಯರ್ ಅಂಕಲ್ "ಎಣಿಸಿ" ಬರೆದ ನಗದು ಮೊತ್ತದ ಕೊನೆಯಲ್ಲಿ ಎರಡು ಸೆಂಟು ಇತ್ತು. ಮೆಷಿನ್ನಿನ ಅಂಕಿಯೂ ಅದೇ.

"ಅಂಕಲ್, ಆ ಎರಡು ಸೆಂಟಿನ ನಾಣ್ಯ ತೋರಿಸ್ತೀರಾ?" ಅಂದೆ. ರದ್ದಾದ ನಗದು ಬಿಲ್ಲುಗಳನ್ನು ಅಡುಗೆಮನೆಯ ಆರ್ಡರ್ ಚೀಟಿಗಳ ಪಕ್ಕ ಇಟ್ಟು ನೋಡಿದೆ. ಗಿರಾಕಿಗಳು ದೋಸೆ ತಿಂದು ದುಡ್ಡು ಕೊಟ್ಟು ಹೋಗಿದ್ದರು, ಆಮೇಲೆ ಅಂಕಲ್ ಬಿಲ್ ರದ್ದು ಮಾಡಿ ಆ ದುಡ್ಡು ಜೇಬಿಗಿಳಿಸಿದ್ದರು.

"ಇವರ ಲೆಕ್ಕ ಯಾವತ್ತೂ ತಪ್ಪಿಲ್ಲವಲ್ಲ!" ಅಂದರು ಭಾವ.

ನನಗೆ ಮೈಯೆಲ್ಲ ಉರಿಯಿತು. ಒಂದೆರಡು ಸೆಂಟು ತಪ್ಪುತ್ತದೆಂದು ಹಿಂದಿನ ಕ್ಯಾಷಿಯರ್ ಹುಡುಗಿಯನ್ನು ಕೆಲಸದಿಂದ ತೆಗೆದದ್ದು ಇದೇ ಭಾವ.