ಇಪ್ಪತ್ತೊಂದು ಸಹಿಯ ಅರ್ಜಿ

ಡಿಸೆಂಬರ್ ಕೊನೆಯ ವಾರ ಹುಣಸಿಕೊಪ್ಪದ ಕೆರೆ ಕಡೆಯ ಟಿಸಿ, ಅಂದರೆ ಪಂಪುಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ಬೇಸಿಗೆ ಶೇಂಗಾ ಬಿತ್ತಲು ಹೊಲ ಹಸಿ ಮಾಡಬೇಕಿತ್ತು. ಬಿತ್ತನೆಯ ಗಡುವಾದ ಸಂಕ್ರಾಂತಿಗೆ ಉಳಿದದ್ದು ಹದಿನೇಳು ದಿನ.

ಪಂಚಾಯ್ತಿಯ ಮಾಜಿ ಸದಸ್ಯ ಮುದುಕನಗೌಡ ಅಂದೇ ಅರ್ಜಿ ಬರೆದ. ಅವನ ಕೈಗೆ ಪೆನ್ನು ಬಂದರೆ ರೈತ ದೇಶದ ಬೆನ್ನೆಲುಬಾಗದೆ ಇರುತ್ತಿರಲಿಲ್ಲ. 'ಟಿಸಿ ಕೂಡಲೇ ಬದಲಿಸದಿದ್ದರೆ ನಮ್ಮ ಇಪ್ಪತ್ತೊಂದು ಪಂಪ್‌ಸೆಟ್‌ಗಳು ನಿಂತು, ಬಡ ರೈತರು ಬೀದಿಗೆ ಬೀಳುತ್ತೇವೆ' ಎಂದು ಮುಗಿಸಿ, ಇಪ್ಪತ್ತೊಂದು ಜನರ ಸಹಿ, ಹೆಬ್ಬೆಟ್ಟು ಹಾಕಿಸಿದ. ಕೊನೆಯ ಸಹಿ ಫಕೀರವ್ವ ಕಂಬಳಿಯದು.

ಫಕೀರವ್ವನಿಗೆ ಊರಿನಲ್ಲಿ ಒಂದು ಹೆಸರಿತ್ತು: 'ಕಾಯ್ದೆದ ಫಕೀರವ್ವ'. ಗಂಡ ತೀರಿದ ವರ್ಷ ಬೋರು ಕೊರೆಸಿದ ಆಕೆ, ಕರೆಂಟು ಕೇಳಿಕೊಂಡು ಏಳು ತಿಂಗಳು ಕಚೇರಿಗೆ ಅಲೆದು, ಕಾಯ್ದೆ ಪ್ರಕಾರದ ಸಂಪರ್ಕಕ್ಕೆ ಕೊಡುವ ಆರ್.ಆರ್. ನಂಬರ್ ಪಡೆದಿದ್ದಳು. "ಯಕ್ಕಾ, ತಂತಿಗೆ ಕೊಕ್ಕಿ ಹಾಕಿದ್ರ ಚಾ ಕುಡಿಯೋದ್ರಾಗ ನೀರು ಬರ್ತಾವ" ಎಂದು ಜನ ನಕ್ಕಿದ್ದರು. ಹಾಗೆ ನಕ್ಕವರೆಲ್ಲ ಬುದ್ಧಿವಂತರು. ಒಂಬತ್ತು ಪಂಪು ಓಡಬೇಕಾದ ಟಿಸಿಯ ಮೇಲೆ ಇಪ್ಪತ್ತೊಂದು ಓಡಿಸಿ, ಅದು ಸುಟ್ಟಾಗ ಸರ್ಕಾರವನ್ನು ಬೈಯುವಷ್ಟು ಬುದ್ಧಿವಂತರು.

ಅರ್ಜಿ ಹಿಡಿದು ಗೌಡ, ಫಕೀರವ್ವ ಮತ್ತು ಇನ್ನಿಬ್ಬರು ಹೋಬಳಿಯ ವಿದ್ಯುತ್ ಕಚೇರಿಗೆ ಹೋದರು. ಶಾಖಾಧಿಕಾರಿ ವೆಂಕೋಬರಾವ್ ಕನ್ನಡಕ ಏರಿಸಿ ಓದಿದರು. ಆಮೇಲೆ ರಿಜಿಸ್ಟರ್ ತೆಗೆದು ಇನ್ನೊಮ್ಮೆ ಓದಿದರು.

"ಗೌಡ್ರ, ಛಲೋ ಬರ್ದೀರಿ. ನಮ್ಮ ದಾಖಲಿದಾಗ ಈ ಟಿಸಿ ಮ್ಯಾಲೆ ಒಂಬತ್ತು ಪಂಪ್ ಅದಾವು. ನೀವು ಇಪ್ಪತ್ತೊಂದು ಅಂತ ಬರ್ದು ಸಹಿನೂ ಮಾಡಿಸೀರಿ. ಉಳಿದ ಹನ್ನೆರಡು ಮಂದಿ ಯಾರು ಅಂತ ನಾವ ಹುಡುಕ್ತಿದ್ವಿ. ವಿಳಾಸ ಸಮೇತ ತಂದುಕೊಟ್ರಿ."

ಗೌಡನ ಮುಖದ ಬಣ್ಣ ಇಳಿಯಿತು. ಬೆನ್ನೆಲುಬು ಸ್ವಲ್ಪ ಬಾಗಿತು. "ಅದು… ಕೈತಪ್ಪಿ ಬರ್ದದ್ರಿ ಸಾಹೇಬ್ರ. ಹೊಸಾದು ಬರ್ಕೊಂಡು ಬರ್ತೀವಿ, ಅದನ್ನ ಈಕಡೆ ಕೊಡ್ರಿ."

"ಆತು. ಆದ್ರ ನಂಬರ್ ಇದ್ದವ್ರ ಬರ್ರಿ," ಎಂದು ರಾವ್ ಅರ್ಜಿ ವಾಪಸ್ ಕೊಟ್ಟರು.

ಸುದ್ದಿ ಊರಿಗೆ ಅವರಿಗಿಂತ ಮೊದಲೇ ಮುಟ್ಟಿತು. ಸಂಜೆ ಗೌಡನ ಕಟ್ಟೆಯ ಮುಂದೆ ತಮ್ಮ ಹೆಬ್ಬೆಟ್ಟು ವಾಪಸ್ ಕೇಳುವವರ ಸಾಲು. ಒಬ್ಬ "ನಂದು ಬಾವಿ ಅಲ್ಲ, ಬರೇ ಕುಣಿ" ಎಂದ. ಇನ್ನೊಬ್ಬ ಆ ದಿನ ತಾನು ಊರಲ್ಲೇ ಇರಲಿಲ್ಲ ಎಂದ. ಗೌಡ ಅರ್ಜಿ ಹರಿದು ಒಲೆಗೆ ಹಾಕಿದ. ನಂಬರ್ ಇದ್ದ ಉಳಿದ ಎಂಟು ಮಂದಿಯೂ "ನಾವ್ಯಾಕ ಎಲ್ಲಾರ ಕಣ್ಣಾಗ ಕೆಟ್ಟಾಗೋಣು?" ಎಂದು ಮನೆ ಸೇರಿಕೊಂಡರು.

ಮರುದಿನ ಫಕೀರವ್ವ ಒಬ್ಬಳೇ ಬಸ್ಸು ಹತ್ತಿದಳು. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕೇ ಸಾಲು: ಟಿಸಿ ಸುಟ್ಟಿದೆ, ನನ್ನ ಆರ್.ಆರ್. ನಂಬರ್ ಇದು, ಬಿತ್ತಬೇಕು, ಬದಲಿಸಿ. ಜೊತೆಗೆ ಹಳೆಯ ರಸೀದಿ.

"ಒಬ್ಬಾಕಿ ಅರ್ಜಿ ಸಾಕಾಗ್ತದೇನ್ರಿ?" ಎಂದು ಕೇಳಿದಳು.

"ಒಂದ ನಂಬರ್ ಸಾಕವ್ವ. ಅದು ಖರೇ ಇರಬೇಕು, ಅಷ್ಟ," ಎಂದರು ವೆಂಕೋಬರಾವ್.

ಲೈನ್‌ಮನ್ ಖಾಜಾಹುಸೇನ ಬಂದು ಕಂಬ ಹತ್ತಿ ನೋಡಿದ. ಸುಟ್ಟಿರುವುದನ್ನು ಸುಟ್ಟಿದೆ ಎಂದು ಬರೆದ ವರದಿ ಉಪವಿಭಾಗಕ್ಕೆ ಹೋಯಿತು. ಅಲ್ಲಿ ಸಹಿ ಮಾಡುವವರು ಮದುವೆಗೆ ಹೋಗಿದ್ದರು. ಅವರು ಬರುವ ತನಕ ಫಕೀರವ್ವ ಎರಡು ಸಲ ಅಲೆದಳು. ಹತ್ತನೆಯ ದಿನ ಉಗ್ರಾಣದಿಂದ ಟಿಸಿ ಬಂತು. ಇಲಾಖೆಯ ಲಾರಿ ಕೆಟ್ಟಿತ್ತು, ಆದ್ದರಿಂದ ಗೌಡನದೇ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಜೊತೆ ಇಪ್ಪತ್ತು ಮಂದಿ ಗಂಡಸರೂ ಬಂದರು. ಎಲ್ಲರ ಎದೆ ಉಬ್ಬಿತ್ತು, ಟಿಸಿ ತಂದವರು ತಾವೇ ಎಂಬಂತೆ.

ಖಾಜಾಹುಸೇನ ಒಂಬತ್ತೇ ತಂತಿ ಜೋಡಿಸಿ ಕೆಳಗಿಳಿದ.

"ಉಳಿದವು?" ಗೌಡ ಕೇಳಿದ.

"ಸಾಹೇಬ್ರ ಹುಕುಂ ಐತ್ರಿ. ಸಕ್ರಮ ಅರ್ಜಿ ಹಾಕಿದ ರಸೀದಿ ತೋರ್ಸಿದ್ರ ಮುಂದಿನ ಮಾತು. ಕೊಕ್ಕಿ ಬಿತ್ತಂದ್ರ ಇದೂ ಸುಡ್ತದ. ಆಮ್ಯಾಲೆ ಫಕೀರವ್ವನ್ನ ಬಿಟ್ರ ಅರ್ಜಿ ಕೊಡಾಕ ಯಾರದಾರ ಈ ಊರಾಗ?"

ಫಕೀರವ್ವ ತನ್ನ ಹೊಲಕ್ಕೆ ನಡೆದಳು. ಪಂಪಿನ ಗುಂಡಿ ಒತ್ತಿ ನೀರು ಬರುವುದನ್ನು ನೋಡುತ್ತ ನಿಂತಳು. ಹತ್ತು ದಿನದ ದಣಿವು ಆಗ ಕಾಲಿಗಿಳಿಯಿತು. ಬದುವಿನ ಮೇಲೆ ಕೂತಳು. ಸಂಕ್ರಾಂತಿಯ ಹಿಂದಿನ ದಿನ ಆಕೆಯ ಶೇಂಗಾ ನೆಲ ಸೇರಿತು.

ಆ ವಾರ ಆಕೆಯ ಜಗಲಿಯಲ್ಲಿ ಯಾವ ಕಾಗದ, ಯಾವ ಕಿಟಕಿ, ಯಾವ ಹೊತ್ತಿಗೆ ಹೋಗಬೇಕು ಎಂದು ಕೇಳುವವರ ಸಂತೆ. ಮೊದಲು ನಕ್ಕವರೇ ಮೊದಲು ಬಂದವರು. ಎಲ್ಲರಿಗೂ ಹೇಳಿಕೊಟ್ಟಳು, ಚಹಾ ಮಾತ್ರ ಕೊಡಲಿಲ್ಲ. ಗೌಡ ಸಕ್ರಮದ ರಸೀದಿ ತೋರಿಸಿ, ತಂತಿ ಜೋಡಿಸಿಕೊಂಡು ಬಿತ್ತಿದ್ದು ಹದಿನೈದು ದಿನ ತಡವಾಗಿ.

ಯುಗಾದಿ ಮುಗಿದ ಮೇಲೆ ಅವನು ಮತ್ತೊಂದು ಅರ್ಜಿ ತಂದ: ಇನ್ನೂ ದೊಡ್ಡ ಟಿಸಿ ಬೇಕು, ಎಲ್ಲರ ಸಹಿ ಬೇಕು.

"ಓದ್ರಿ ಗೌಡ್ರ," ಎಂದಳು ಫಕೀರವ್ವ.

ಓದಿದ.

"ಇನ್ನೊಮ್ಮಿ ಓದ್ರಿ."

ಎರಡನೆಯ ಸಲ ಓದುವಾಗ 'ಬಡ ರೈತರು ಬೀದಿಗೆ ಬೀಳುತ್ತೇವೆ' ಎಂಬಲ್ಲಿ ಕೈ ಅಡ್ಡ ಹಿಡಿದಳು. "ಟ್ರ್ಯಾಕ್ಟರ್ ಇಟ್ಕೊಂಡು ಎಲ್ಲಿ ಬೀಳ್ತೀರಿ? ಅದನ್ನ ಹೊಡೀರಿ."

ಗೌಡ ಗೀಟು ಎಳೆದ. ಆಮೇಲೆ ಆಕೆ ಸಹಿ ಮಾಡಿದಳು.