ಹಳೇ ಫ್ರಿಡ್ಜ್ ಎಲ್ಲಿದೆ?

ಓದುತ್ತಿರುವ ಎಲ್ಲರಿಗೂ ನಮಸ್ಕಾರ. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ, ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಶ್ರೀನಿವಾಸಪುರದಲ್ಲಿ ಒಬ್ಬ ಆಡಿಟರ್ ಬಳಿ ನನಗೆ ಕೆಲಸ. ಬಿ.ಕಾಂ. ಮುಗಿಸಿದ್ದು ಮೂವತ್ತೆಂಟನೇ ವಯಸ್ಸಿಗೆ. ಅಲ್ಲಿಯವರೆಗೆ ಬೇರೆಯವರು ಹೇಳಿದ್ದನ್ನು ಎಂಟ್ರಿ ಮಾಡುತ್ತಿದ್ದೆ. ಕಳೆದ ವರ್ಷ ಸಾರ್ ಮೊದಲ ಸಲ ಒಂದು ಫೈಲ್ ಪೂರ್ತಿ ನನ್ನ ಕೈಗೆ ಕೊಟ್ಟರು. "ಇದು ಸರಿಯಾಗಿ ಮಾಡಿದ್ರೆ ಮುಂದಕ್ಕೆ ನೀನೇ ಫೈಲ್ ನೋಡ್ಕೋ. ಇಲ್ಲಾಂದ್ರೆ ಎಂಟ್ರೀನೇ ಗತಿ" ಅಂದರು.

ಅದು ಬಸ್ ನಿಲ್ದಾಣದ ಬಳಿ ಹಾಲು, ಕೂಲ್‌ಡ್ರಿಂಕ್ಸ್ ಮಾರುವ ಅಣ್ಣನ ಫೈಲ್. ಏಪ್ರಿಲ್‌ನಲ್ಲಿ ಹಳೇ ಫ್ರಿಡ್ಜಿಗೆ ಗ್ಯಾಸ್ ತುಂಬಿಸಿ, ಬಾಗಿಲ ರಬ್ಬರ್ ಹಾಕಿಸಿದ್ದರು. ಅದು ತಿಂಗಳೊಳಗೆ ಪೂರ್ತಿ ಕೆಟ್ಟಿತು. ಮಾವಿನ ಸೀಸನ್ ಶುರುವಿಗೆ ಹೊಸದು ತಂದರು. ಆ ಬಿಲ್, ಈ ಬಿಲ್, ಆಟೋ ಬಾಡಿಗೆ ಚೀಟಿ ಎಲ್ಲವನ್ನೂ ಒಂದೇ ಪಿನ್ನಿಗೆ ಚುಚ್ಚಿ ಮೇಲೆ 'ಫ್ರಿಡ್ಜ್ ರಿಪೇರಿ' ಎಂದು ಬರೆದಿದ್ದರು. ನಾನೂ ಹಾಗೇ ರಿಪೇರಿ ಖರ್ಚಿಗೆ ಹಾಕಿಬಿಟ್ಟೆ.

ಸಾರ್ ಒಂದೇ ಪ್ರಶ್ನೆ ಕೇಳಿದರು. "ಹಳೇದು ಎಲ್ಲಯ್ಯಾ ಈಗ?"

ನನಗೆ ಗೊತ್ತಿರಲಿಲ್ಲ. ಅಂಗಡಿಗೆ ಹೋಗಿ, ಹೊಸ ಫ್ರಿಡ್ಜಿನ ಬಿಲ್ಲಿಗೂ ರಿಪೇರಿ ಅಂತ ಯಾಕೆ ಬರೆದಿರಿ ಎಂದು ಕೇಳಿದೆ.

"ರಿಪೇರಿ ಅಂತಾನೇ ಇರ್ಲಿ ಕಣಪ್ಪಾ" ಅಂದರು ಅಣ್ಣ. "ಹಳೇದು ಕೆಡ್ತು, ಅದ್ರ ಜಾಗಕ್ಕೆ ಇದು ಬಂತು. ಅಂಗಡಿ ರಿಪೇರಿ ಆದಂಗೇ ಅಲ್ವಾ? ರಿಪೇರಿ ಅಂದ್ರೆ ಪೂರ್ತಿ ಖರ್ಚು ಈ ವರ್ಷದ ಲಾಭದಾಗೇ ಕಳೀಬೋದಂತೆ, ತೆರಿಗೆ ಕಮ್ಮಿ ಬೀಳ್ತೈತಂತೆ."

ಅಷ್ಟರಲ್ಲಿ ಅವರ ಹೆಂಡತಿ ಗಿರಾಕಿಗೆ ಬನ್ನು ಕೊಡಲು ಮೂಲೆಯ ಹಳೇ ಫ್ರಿಡ್ಜಿನ ಬಾಗಿಲು ತೆಗೆದರು. ಒಳಗೆಲ್ಲ ಬನ್ನು, ಬಿಸ್ಕತ್ತು, ಪುರಿ.

"ಇಲಿ ಕಾಟ ಕಣಪ್ಪಾ. ಇದ್ರಾಗಿಟ್ರೆ ಮುಟ್ಟಲ್ಲ" ಅಂದರು.

ನನಗೆ ಧೈರ್ಯ ಬಂತು. "ಅಣ್ಣಾ, ರಿಪೇರಿ ಆಗಿದ್ರೆ ಹಾಲು ಇದ್ರಲ್ಲೇ ಇರ್ತಿತ್ತು. ಇದು ಬೀರು ಆಗಿ ನಿಂತೈತೆ. ಇದ್ದಿದ್ದನ್ನ ಸರಿ ಮಾಡ್ಸಿದ್ರೆ ರಿಪೇರಿ. ಹತ್ತು ವರ್ಷ ಬಾಳೋ ಹೊಸದು ತಂದ್ರೆ ಅದು ಆಸ್ತಿ."

"ಏನ್ಲಾ, ಮೊನ್ನೆ ಮೊನ್ನೆ ಪಾಸಾದೋನು ನಂಗೆ ಪಾಠ ಹೇಳ್ತೀಯಾ?"

"ಅವ್ನು ಮೊನ್ನೆನಾದ್ರೂ ಪಾಸಾದ. ನೀವು?" ಅಂದರು ಹೆಂಡತಿ. ಅಣ್ಣನಿಗೇ ನಗು ಬಂತು. "ಹಂಗಾದ್ರೆ ಆ ದುಡ್ಡು ಲೆಕ್ಕಕ್ಕೇ ಬರಲ್ವಾ?"

"ಬರ್ತೈತೆ ಅಣ್ಣಾ, ಒಂದೇ ಸಲ ಅಲ್ಲ. ಸವಕಳಿ ಅಂತ ಈ ವರ್ಷ ನೂರಕ್ಕೆ ಹದಿನೈದು, ಮುಂದಿನ ವರ್ಷ ಉಳಿದಿದ್ರಲ್ಲಿ ಹದಿನೈದು, ಹಂಗೇ. ಗ್ಯಾಸ್, ರಬ್ಬರ್ ಮಾತ್ರ ಪೂರ್ತಿ ಈ ವರ್ಷಾನೇ."

"ಹಾಕು ಹಂಗೇ. ನೋಟೀಸು ಗೀಟೀಸು ಬಂದ್ರೆ ನಿನ್ನೇ ಕರೀತೀನಿ."

ಆಫೀಸಿಗೆ ಬಂದು ಪಿನ್ನು ಕಿತ್ತೆ. ಗ್ಯಾಸ್, ರಬ್ಬರ್ ಬಿಲ್ ರಿಪೇರಿಗೆ ಹೋಯಿತು. ಹೊಸ ಫ್ರಿಡ್ಜ್, ಅದನ್ನು ತಂದ ಆಟೋ ಬಾಡಿಗೆ ಸೇರಿಸಿ ಆಸ್ತಿಗೆ ಬರೆದೆ. ಸಾರ್ ಪುಟ ತಿರುಗಿಸಿ ನೋಡಿದರು. ಮುಳಬಾಗಿಲಿನ ಬೇಕರಿಯೊಂದರ ಫೈಲ್ ನನ್ನ ಮೇಜಿನ ಮೇಲಿಟ್ಟು ಟೀ ಕುಡಿಯಲು ಹೋದರು. ಅದರಲ್ಲೂ 'ಓವನ್ ರಿಪೇರಿ' ಎಂದಿತ್ತು. ನಾನು ಎಂಟ್ರಿ ಮಾಡಲಿಲ್ಲ, ಮೊದಲು ಬಸ್ ಹತ್ತಿದೆ.

ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ಹೀಗೆ ಕಣ್ಣಾರೆ ನೋಡಿದ ಮೇಲೇ ಲೆಕ್ಕ ಸರಿಹೋದದ್ದು ಇದ್ದರೆ ಬರೆಯಿರಿ. ನಾನು ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.